ಪ್ರಬಂಧದ ದತ್ತಾಂಶಕ್ಕಾಗಿ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರೆದ ಪತ್ರ

ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿ ನಾನು ಆಯ್ದುಕೊಂಡ ವಿಷಯ, ಐ.ವಿ. ಕ್ಯಾನುಲಾದಿಂದ ರಕ್ತನಾಳದಲ್ಲಿ ಉಂಟಾಗುವ ಫ್ಲೆಬೈಟಿಸ್ ಎಂಬ ಉರಿಯೂತವನ್ನು ತಡೆಯುವ ಬಗ್ಗೆ ಸ್ಟಾಫ್ ನರ್ಸ್‌ಗಳಿಗಿರುವ ತಿಳಿವಳಿಕೆ. ನೈತಿಕ ಸಮಿತಿಯ ಅನುಮೋದನೆ ಸಿಕ್ಕಿದ ಮೇಲೆ, ಪ್ರಾಂಶುಪಾಲರ ಮೂಲಕ ಒಂದು ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಪತ್ರ ಕಳುಹಿಸಿದೆ. ಅದರಲ್ಲಿ ಅಧ್ಯಯನದ ಉದ್ದೇಶಗಳನ್ನು ಒಂದು ಪುಟ ತುಂಬ ವಿವರಿಸಿ, ಕೊನೆಗೆ "ದತ್ತಾಂಶ ಸಂಗ್ರಹಿಸಲು ಅನುಮತಿ ನೀಡಬೇಕಾಗಿ ಕೋರುತ್ತೇನೆ" ಎಂದಷ್ಟೇ ಬರೆದಿದ್ದೆ.

ಎರಡು ದಿನದ ನಂತರ ಮೇಡಂ ಕರೆಸಿ, "ಒಂದು ಹೊತ್ತಿಗೆ ವಾರ್ಡಿನಿಂದ ಎಷ್ಟು ಜನರನ್ನು ಕರೆಯುತ್ತೀರಮ್ಮಾ? ಆಗ ರೋಗಿಗಳನ್ನು ಯಾರು ನೋಡಿಕೊಳ್ಳಬೇಕು?" ಎಂದು ಕೇಳಿದರು. ಡ್ಯೂಟಿ ಲಿಸ್ಟ್ ಹಾಕುವವರು ಅವರೇ ಆದ್ದರಿಂದ ಅವರಿಗೆ ಮೊದಲು ಬೇಕಿದ್ದುದು ಆ ಲೆಕ್ಕವೇ ಹೊರತು ನನ್ನ ಉದ್ದೇಶಗಳ ಪಟ್ಟಿಯಲ್ಲ.

ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಒಬ್ಬರನ್ನು ವಿಚಾರಿಸಿ ಪತ್ರವನ್ನು ಮತ್ತೆ ಬರೆದೆ. ಬೆಳಿಗ್ಗೆ ರೌಂಡ್ಸ್ ಇರುತ್ತದೆ, 2 ಗಂಟೆಗೆ ಹ್ಯಾಂಡ್‌ಓವರ್. 3ರ ನಂತರ ಸ್ವಲ್ಪ ಬಿಡುವು ಸಿಗುತ್ತದೆ ಎಂದು ಅವರು ಹೇಳಿದ್ದರು. ಹೊಸ ಪತ್ರದ ಮುಖ್ಯ ಭಾಗ ಹೀಗಿತ್ತು:

"6 ವಾರ್ಡುಗಳ ಒಟ್ಟು 48 ಸ್ಟಾಫ್ ನರ್ಸ್‌ಗಳಿಗೆ ಪ್ರಶ್ನಾವಳಿ ನೀಡಲಾಗುವುದು. ಮಧ್ಯಾಹ್ನದ ಪಾಳಿಯಲ್ಲಿ 3ರಿಂದ 4.30ರೊಳಗೆ, ಒಂದು ವಾರ್ಡಿನಿಂದ ಒಬ್ಬರಂತೆ, ದಿನಕ್ಕೆ ಹೆಚ್ಚೆಂದರೆ 4 ಮಂದಿಯನ್ನು ಭೇಟಿಯಾಗುತ್ತೇನೆ. ಪ್ರತಿಯೊಬ್ಬರಿಗೆ 20 ನಿಮಿಷ ಬೇಕಾಗುತ್ತದೆ."

ಲೆಕ್ಕದ ಪ್ರಕಾರ 12 ದಿನ ಸಾಕು. ಆದರೆ ರಾತ್ರಿ ಪಾಳಿಯವರು ಮಧ್ಯಾಹ್ನದ ಪಾಳಿಗೆ ಬರುವವರೆಗೆ ಕಾಯಬೇಕಾದ್ದರಿಂದ 3 ವಾರ ಕೇಳಿದೆ.

ನನಗೆ ಅತಿ ಮುಖ್ಯವೆನಿಸಿದ್ದು ಇದರ ನಂತರದ ವಾಕ್ಯ. ಉತ್ತರಿಸುವವರಿಗೆ ಸೂಪರಿಂಟೆಂಡೆಂಟರು ಮೇಲಧಿಕಾರಿ. ಅವರೇ ಅನುಮತಿ ಕೊಟ್ಟಿದ್ದಾರೆಂದರೆ ಸಿಸ್ಟರ್‌ಗಳಿಗೆ ಅದು ಆದೇಶದಂತೆ ಕಾಣುತ್ತದೆ, ತಪ್ಪು ಉತ್ತರ ಬರೆದರೆ ಮೇಲಕ್ಕೆ ಹೋಗುತ್ತದೆಂಬ ಅಳುಕೂ ಇರುತ್ತದೆ. ಆದ್ದರಿಂದ, ಭಾಗವಹಿಸುವುದು ಅವರವರ ಇಚ್ಛೆ, ಪ್ರಶ್ನಾವಳಿಯಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ, ಯಾರು ಒಪ್ಪಲಿಲ್ಲ ಎಂಬುದನ್ನಾಗಲಿ ಒಬ್ಬೊಬ್ಬರ ಅಂಕಗಳನ್ನಾಗಲಿ ಕಚೇರಿಗೆ ನೀಡಲಾಗುವುದಿಲ್ಲ, ಒಟ್ಟು ಫಲಿತಾಂಶವನ್ನು ಮಾತ್ರ ಸಲ್ಲಿಸಲಾಗುವುದು ಎಂದು ಸ್ಪಷ್ಟವಾಗಿ ಬರೆದೆ. ಮೇಡಂ ಆ ಸಾಲನ್ನು ಎರಡು ಸಲ ಓದಿ, "ಇದು ಸರಿ" ಎಂದು ಸಹಿ ಹಾಕಿದರು.

ನೈತಿಕ ಸಮಿತಿಯ ಪತ್ರ, ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರದ ನಮೂನೆಗಳನ್ನು ಲಗತ್ತಿಸಿದ್ದೆ. ನನ್ನ ಪ್ರತಿಯ ಮೇಲೆ ಇನ್ವರ್ಡ್ ಸಂಖ್ಯೆ, ತಾರೀಖು ಮತ್ತು ಮೊಹರು ಹಾಕಿಸಿಕೊಂಡೆ. ಆದರೂ ಮೊದಲ ದಿನ ಒಂದು ವಾರ್ಡಿನಲ್ಲಿ "ನಮಗೆ ಯಾವ ಸೂಚನೆಯೂ ಬಂದಿಲ್ಲ" ಎಂದು ನನ್ನನ್ನು ವಾಪಸ್ ಕಳುಹಿಸಿದರು. ಅನುಮತಿ ಪತ್ರದ ಕೆಳಗೆ 6 ವಾರ್ಡುಗಳ ಇನ್‌ಚಾರ್ಜ್‌ಗಳಿಗೂ ಪ್ರತಿ ಎಂದು ಮೇಡಂ ಅವರಿಂದ ಬರೆಸಿಕೊಂಡು, ಮರುದಿನ ಒಂದೊಂದು ಪ್ರತಿಯನ್ನು ನಾನೇ ಕೈಯಾರೆ ತಲುಪಿಸಿದೆ; ಅಂದೇ ಮಧ್ಯಾಹ್ನ ಮೊದಲ 4 ಪ್ರಶ್ನಾವಳಿಗಳು ತುಂಬಿದವು.