ಪದ ಬದಲಾಯಿಸಿದರೆ ನಕಲು ತಪ್ಪುವುದಿಲ್ಲ

ಮಡಿಕೇರಿ, ವಿರಾಜಪೇಟೆ ಕಡೆ ಬಿ.ಎಡ್ ಅಸೈನ್‌ಮೆಂಟ್ ಬರೆಯುತ್ತಿರುವವರಿಗೆ ಒಂದು ಸಲಹೆ.

ಗೈಡ್‌ನಲ್ಲಿ "ಮಗು ಒಂಟಿಯಾಗಿ ಮಾಡಲಾಗದ ಕೆಲಸವನ್ನು ಬಲ್ಲವರ ನೆರವಿನಿಂದ ಮಾಡುತ್ತದೆ" ಅಂತ ಇದೆ ಅಂದುಕೊಳ್ಳಿ. ಅದನ್ನು "ಶಿಶು ಏಕಾಂಗಿಯಾಗಿ ಮಾಡಲಾಗದ ಕಾರ್ಯವನ್ನು ತಿಳಿದವರ ಸಹಾಯದಿಂದ ಮಾಡುತ್ತದೆ" ಅಂತ ಬರೆದರೆ ಅದು ನಕಲೇ. ವಾಕ್ಯದ ಕಟ್ಟು ಹಾಗೇ ಇದೆ, ಅಲ್ವಾ? ಗೈಡ್ ಮುಚ್ಚಿಟ್ಟು ಅರ್ಥವನ್ನು ಗೆಳೆಯರಿಗೆ ಹೇಳುವ ಹಾಗೆ ಬರೆಯಿರಿ: "ಮಗು ತಾನೇ ಮಾಡಬಲ್ಲದ್ದಕ್ಕೂ ಹೇಳಿಕೊಟ್ಟರೆ ಮಾಡಬಲ್ಲದ್ದಕ್ಕೂ ಒಂದು ಅಂತರವಿದೆ. ಶಿಕ್ಷಕರ ಕೆಲಸ ಅಲ್ಲಿದೆ." ಆಮೇಲೆ ಗೈಡ್ ತೆರೆದು ಅರ್ಥ ಕೆಟ್ಟಿಲ್ಲವೇ ನೋಡಿ.

ಮಾತು ನಿಮ್ಮದಾದರೂ ವಿಚಾರ ವೈಗೋಟ್‌ಸ್ಕಿಯದು, ಹೆಸರು ಹಾಕಲೇಬೇಕು. ಕಾಫಿ ತೋಟದ ಲೈನ್‌ಮನೆ ಮಗುವಿನ ಉದಾಹರಣೆ ನೀವೇ ಕಂಡದ್ದಾದರೆ ಅದಕ್ಕೆ ಆಕರ ಬೇಡ.

ಜಾಸ್ತಿ ಜನ ಎಡವುವುದು ಮುಂದೆ. ಸುಮ್ನೆ "ವೈಗೋಟ್‌ಸ್ಕಿ, 1978" ಅಂತ ಹಾಕುತ್ತಾರೆ. ಅವರು ತೀರಿಕೊಂಡದ್ದು 1934ರಲ್ಲಿ! 1978 ಅವರ ಬರಹಗಳ ಇಂಗ್ಲಿಷ್ ಸಂಕಲನ ಬಂದ ವರ್ಷ. ಅದನ್ನು ನೀವು ಓದಿಲ್ಲದಿದ್ದರೆ, ಎಪಿಎ ಶೈಲಿಯಲ್ಲಿ "ವೈಗೋಟ್‌ಸ್ಕಿ, 1978" ಎಂದು ಬರೆದು, ಜೊತೆಗೆ ಗೈಡ್ ಲೇಖಕರ ಹೆಸರು, ವರ್ಷ ಹಾಕಿ "ಇವರಲ್ಲಿ ಉಲ್ಲೇಖಿತ" ಅನ್ನಿ. ಕೊನೆಯ ಪಟ್ಟಿಯಲ್ಲಿ ಗೈಡ್ ಮಾತ್ರ ಇರಲಿ.