ಮೊದಲ ವಾರದ ಎಂಟು ಪರ್ಸೆಂಟ್

ನಾನು ಒಂದು ಬಟ್ಟೆ ಶಾಪಿಂಗ್ ಆ್ಯಪ್‌ನಲ್ಲಿ ಸರ್ಚ್ ಟೀಮಿನಲ್ಲಿದ್ದೆ. 'ಕಾಟನ್ ಕುರ್ತಾ' ಎಂದು ಹುಡುಕಿದರೆ ಯಾವುದು ಮೇಲೆ ಬರಬೇಕು ಎಂದು ತೀರ್ಮಾನಿಸುವ ಹೊಸ ರ‍್ಯಾಂಕಿಂಗ್ ಮಾಡೆಲ್ ಮಾಡಿದ್ದೆವು. ಹಳೆಯ ಡೇಟಾದ ಮೇಲೆ ಚೆನ್ನಾಗಿಯೇ ಕಾಣಿಸಿತು. ಇನ್ನು ನಿಜವಾದ ಗಿರಾಕಿಗಳ ಮೇಲೆ ಎ/ಬಿ ಟೆಸ್ಟ್ ಬಾಕಿ: ಅರ್ಧ ಜನರಿಗೆ ಹಳೆಯ ಮಾಡೆಲ್, ಇನ್ನರ್ಧ ಜನರಿಗೆ ಹೊಸದು ಕೊಟ್ಟು ಹೋಲಿಸುವುದು. ಮುಂದಿನ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಎಂದು ದುಂಡಗೆ ಮಾಡಿ ಕೊಡುತ್ತಿದ್ದೇನೆ.

ಎಷ್ಟು ಜನ ಬೇಕು ಎಂಬುದು ಮೊದಲ ಜಗಳ. ಎರಡು ವಾರದಲ್ಲಿ ಸರ್ಚ್ ಮಾಡಿದವರಲ್ಲಿ ಆರ್ಡರ್ ಮಾಡುವವರು ನೂರಕ್ಕೆ 4. ನಾನು ಬಳಸುವ ಸೂತ್ರ ಇದು:

```
n = 16 × p × (1 − p) / δ²
```

p ಎಂದರೆ ಈಗಿನ ದರ, 0.04. δ ಎಂದರೆ ನಾವು ಹಿಡಿಯಬೇಕೆಂದಿರುವ ಅತಿ ಚಿಕ್ಕ ವ್ಯತ್ಯಾಸ. n ಒಂದೊಂದು ಗುಂಪಿಗೆ ಬೇಕಾದ ಜನ. 16 ಬರುವುದು 5% ಸಿಗ್ನಿಫಿಕೆನ್ಸ್, 80% ಪವರ್ ಇಟ್ಟುಕೊಂಡಾಗ: ವ್ಯತ್ಯಾಸವೇ ಇಲ್ಲದಾಗ ಇದೆ ಎಂದು ಮೋಸಹೋಗುವುದು ನೂರಕ್ಕೆ 5 ಸಲ, δದಷ್ಟು ವ್ಯತ್ಯಾಸ ನಿಜವಾಗಿ ಇದ್ದರೆ ಹಿಡಿಯುವುದು ನೂರಕ್ಕೆ 80 ಸಲ. ಮ್ಯಾನೇಜರ್‌ಗೆ 4.0 ಎಂಬುದು 4.1 ಆದರೂ ಗೊತ್ತಾಗಬೇಕಿತ್ತು. ಅಂದರೆ δ = 0.001. ಗುಂಪಿಗೆ 6 ಲಕ್ಷ ದಾಟುತ್ತದೆ! 4.16 ಆದರೆ ಗೊತ್ತಾದರೆ ಸಾಕು ಎಂದು ಒಪ್ಪಿಸಿದೆ. ಆಗ ಗುಂಪಿಗೆ 2.4 ಲಕ್ಷ.

ದಿನಕ್ಕೆ 1 ಲಕ್ಷ ಜನ ಸರ್ಚ್ ಮಾಡುತ್ತಾರಲ್ಲ, ಐದು ದಿನ ಸಾಕು ಅಂದರು. ಸಾಲದು. ಇವತ್ತು ಬಂದವರೇ ನಾಳೆಯೂ ಬರುತ್ತಾರೆ. ಹಳೆಯ ಲಾಗ್ ತೆಗೆದು ಬೇರೆ ಬೇರೆ ಜನರನ್ನು ಎಣಿಸಿದರೆ ಎರಡು ವಾರಕ್ಕೆ ಸಿಗುತ್ತಿದ್ದದ್ದು ಸುಮಾರು 5 ಲಕ್ಷ. ಹಾಗಾಗಿ ಎರಡು ವಾರ ಎಂದು ಬರೆದಿಟ್ಟೆವು.

ಮೂರನೇ ದಿನ ಮ್ಯಾನೇಜರ್ ಫೋನ್ ಮಾಡಿದರು. "ಕ್ಲಿಕ್ ಎಂಟು ಪರ್ಸೆಂಟ್ ಜಾಸ್ತಿ, ಆರ್ಡರ್‌ನಲ್ಲೂ ಪಿ-ವ್ಯಾಲ್ಯೂ 0.04. ಇನ್ನೇನು ಕಾಯೋದು? ಎಲ್ಲರಿಗೂ ಕೊಟ್ಟುಬಿಡೋಣ." ಪಿ-ವ್ಯಾಲ್ಯೂ ಎಂದರೆ, ಎರಡೂ ಮಾಡೆಲ್ ಒಂದೇ ಆಗಿದ್ದರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ. ಅದು 0.05ಕ್ಕಿಂತ ಕೆಳಗಿದ್ದರೆ ಗೆದ್ದಂತೆ ಎಂಬುದು ನಿಯಮ.

"ಸರ್, ದಿನಾ ಇಣುಕಿ ನೋಡಿ, 0.05ಕ್ಕಿಂತ ಕೆಳಗೆ ಇಳಿದ ದಿನ ನಿಲ್ಲಿಸೋದಾದ್ರೆ ಆ 0.05ಕ್ಕೆ ಅರ್ಥ ಇಲ್ಲ" ಅಂದೆ. ಎರಡೂ ಮಾಡೆಲ್ ಒಂದೇ ಆಗಿದ್ದರೂ, ಸಮ ಅಂತರದಲ್ಲಿ ಹತ್ತು ಸಲ ನೋಡಿದರೆ ಎಲ್ಲಾದರೂ ಒಮ್ಮೆ ಎರಡರಲ್ಲೊಂದು 'ಗೆದ್ದಿದೆ' ಎಂದು ಕಾಣುವ ಸಾಧ್ಯತೆ ಸುಮಾರು 19%. ಅವರು ಗೊಣಗಿಕೊಂಡೇ ಒಪ್ಪಿದರು.

ಎರಡು ವಾರ ಮುಗಿದಾಗ ಆರ್ಡರ್ ದರ 4.00ರಿಂದ 4.12. ಪಿ-ವ್ಯಾಲ್ಯೂ 0.03. ನಿಜವಾದ ವ್ಯತ್ಯಾಸ ಇರಬಹುದಾದ 95% ವ್ಯಾಪ್ತಿ 0.01ರಿಂದ 0.23. ನಿಯಮದ ಪ್ರಕಾರ ಗೆದ್ದಿತ್ತು. ಆದರೆ ಆ ಕೆಳಗಿನ ತುದಿ ಸೊನ್ನೆಗೆ ತೀರಾ ಹತ್ತಿರ. ನನಗೆ ಸಮಾಧಾನ ಆಗಲಿಲ್ಲ.

ಅನುಮಾನಕ್ಕೆ ಇನ್ನೊಂದು ಕಾರಣ ಇತ್ತು. ನಮ್ಮ ಖಾಯಂ ಗಿರಾಕಿಗಳು ತಿಂಗಳುಗಟ್ಟಲೆ ಅದೇ ಇಪ್ಪತ್ತು ಕುರ್ತಾ ನೋಡಿ ಬೇಸತ್ತವರು. ಹೊಸ ಮಾಡೆಲ್ ಕಾಣದ ಕುರ್ತಾಗಳನ್ನು ಮೇಲೆ ತಂದಿತು. ಇದೇನಪ್ಪಾ ಎಂದು ಒತ್ತಿ ನೋಡಿರಬಹುದು, ಅಲ್ವಾ? ಅದು ಹೊಸತರ ಆಕರ್ಷಣೆ, ಒಳ್ಳೆಯ ರ‍್ಯಾಂಕಿಂಗ್ ಅಲ್ಲ.

ಇದನ್ನು ಕ್ಯಾಲೆಂಡರ್ ದಿನದ ಗ್ರಾಫ್‌ನಲ್ಲಿ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ. ಹತ್ತನೇ ದಿನವೂ ಮೊದಲ ಸಲ ಬರುವವರು ಇರುತ್ತಾರೆ. ಅದಕ್ಕೇ ಮೊದಲ ಮೂರು ದಿನ ಬಂದವರನ್ನು ಮಾತ್ರ, ಎರಡೂ ಗುಂಪಿನಿಂದ, ಆರಿಸಿ ಬೆನ್ನು ಹತ್ತಿದೆ. ಆರ್ಡರನ್ನು ವಾರವಾರ ಒಡೆದರೆ ಗದ್ದಲವೇ ಜಾಸ್ತಿ, ಏನೂ ಹೇಳಲಾಗಲಿಲ್ಲ. ಕ್ಲಿಕ್ ಹೇಳಿತು: ಮೊದಲ ವಾರ 8% ಜಾಸ್ತಿ, ಎರಡನೇ ವಾರ 3%. ಟೆಸ್ಟನ್ನು ಇನ್ನೊಂದು ವಾರ ಮುಂದುವರಿಸಿದೆವು. 1%.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ತಿಂಗಳ ಮೊದಲಲ್ಲಿ ಸಂಬಳ ಬಂದಾಗ ಹೊಸ ಮಾಡೆಲ್ ಚೆನ್ನಾಗಿ ಕೆಲಸ ಮಾಡಿ, ಆಮೇಲೆ ಸಪ್ಪೆಯಾಗಿರಬಹುದಲ್ಲ? ಇದನ್ನು ಬಿಡಿಸಲು ನಾಲ್ಕನೇ ವಾರದ ಸೋಮವಾರ, ಹಳೆಯ ಮಾಡೆಲ್ಲೇ ನೋಡುತ್ತಿದ್ದ ಕಂಟ್ರೋಲ್ ಗುಂಪಿನ ಅರ್ಧ ಜನರನ್ನು, ಲಾಟರಿ ಎತ್ತಿದಂತೆ, ಹೊಸ ಮಾಡೆಲ್‌ಗೆ ದಾಟಿಸಿದೆವು. ಆ ವಾರ ಅವರ ಕ್ಲಿಕ್ ಕಂಟ್ರೋಲ್‌ನಲ್ಲೇ ಉಳಿದವರಿಗಿಂತ 7% ಜಾಸ್ತಿ. ಮೂರು ವಾರದಿಂದ ಅದೇ ಮಾಡೆಲ್ ನೋಡುತ್ತಿದ್ದವರದ್ದು ಅದೇ ವಾರ 1%. ಅದೇ ಮಾಡೆಲ್, ಅದೇ ವಾರ. ಬೇರೆ ಇದ್ದದ್ದು ಎಷ್ಟು ದಿನದಿಂದ ನೋಡುತ್ತಿದ್ದಾರೆ ಎನ್ನುವುದೊಂದೇ.

ಮೊದಲಿನಿಂದ ಹೊಸ ಮಾಡೆಲ್ ನೋಡಿದವರ ಆರ್ಡರನ್ನು ಮೂರು ಮತ್ತು ನಾಲ್ಕನೇ ವಾರಕ್ಕೆ ಮಾತ್ರ, ಕಂಟ್ರೋಲ್‌ನಲ್ಲೇ ಉಳಿದವರ ಜೊತೆ ಹೋಲಿಸಿದಾಗ ಲಾಭ ಸೊನ್ನೆಯ ಆಸುಪಾಸು. ವ್ಯಾಪ್ತಿ ಎರಡೂ ಕಡೆ ಚಾಚಿತ್ತು. ಮಾಡೆಲ್ ಕೆಟ್ಟದ್ದು ಎಂದು ಹೇಳುವಂತಿಲ್ಲ, ಗೆದ್ದಿದೆ ಎಂದೂ ಹೇಳುವಂತಿಲ್ಲ. ಎಲ್ಲರಿಗೂ ಕೊಡಲಿಲ್ಲ. ಒಂದು ತಿಂಗಳ ಟ್ರಾಫಿಕ್ ಹೋಯಿತು ಎಂದು ಮ್ಯಾನೇಜರ್ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆಮೇಲೆ ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿಯೊಬ್ಬರ ಮೊದಲ ಏಳು ದಿನಗಳ ಗೆರೆಗೆ ಬೂದು ಬಣ್ಣ ಹಚ್ಚಿದೆವು. ಹಚ್ಚಲು ಹೇಳಿದ್ದು ಮ್ಯಾನೇಜರೇ.