ಊರಿನ ಹೆಸರು ಒಂದೇ, ವಿಮಾನ ಇಳಿಯುವ ದೇಶ ಬೇರೆ: ಟಿಕೆಟ್ ಬುಕ್ ಮಾಡುವಾಗ ಏನು ನೋಡಬೇಕು?

ಸ್ಪೇನಿನಲ್ಲಿ ಗ್ರನಾಡಾ ಎಂಬ ಊರಿದೆ. ಕೆರಿಬಿಯನ್ ಸಮುದ್ರದಲ್ಲಿ ಗ್ರೆನಡಾ ಎಂಬ ದ್ವೀಪ ದೇಶವಿದೆ. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ: Granada, Grenada. ಫೋನಿನಲ್ಲಿ ಹೇಳಿ ಟಿಕೆಟ್ ಮಾಡಿಸಿದರೆ ಆ ವ್ಯತ್ಯಾಸವೂ ಕಿವಿಗೆ ಬೀಳುವುದಿಲ್ಲ. ಬುಕಿಂಗ್ ಆ್ಯಪ್‌ನಲ್ಲಿ ಮೊದಲ ಎರಡು ಅಕ್ಷರ ಒತ್ತಿದ ಕೂಡಲೇ ಪಟ್ಟಿ ಬರುತ್ತದೆ, ಅವಸರದಲ್ಲಿ ಮೇಲಿರುವುದನ್ನೇ ಒತ್ತಿಬಿಡುತ್ತೇವೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಮೊದಲು, ಊರಿನ ಹೆಸರನ್ನು ಬದಿಗಿಟ್ಟು ಮೂರಕ್ಷರದ ಕೋಡ್ ನೋಡಿ. ಗ್ರನಾಡಾದ್ದು GRX, ಗ್ರೆನಡಾದ್ದು GND. ಹುಡುಕಾಟ ಶುರು ಮಾಡುವ ಮೊದಲೇ ನೀವು ಇಳಿಯಬೇಕಾದ ವಿಮಾನ ನಿಲ್ದಾಣದ ಸ್ವಂತ ವೆಬ್‌ಸೈಟ್‌ನಲ್ಲಿ ಕೋಡ್ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ಊರಿನ ಹೆಸರಿನ ಬದಲು ಆ ಕೋಡನ್ನೇ ಟೈಪ್ ಮಾಡಿ. ಏಜೆಂಟರ ಹತ್ತಿರ ಮಾತಾಡುವಾಗಲೂ ದೇಶದ ಹೆಸರು ಸೇರಿಸಿ, ಕೋಡನ್ನು ಒಂದೊಂದೇ ಅಕ್ಷರವಾಗಿ ಹೇಳಿ.

ಎರಡನೆಯದು ಒಟ್ಟು ಪ್ರಯಾಣದ ಸಮಯ. ಹೊರಡುವ ಮತ್ತು ತಲುಪುವ ಗಂಟೆಗಳನ್ನು ಆಯಾ ಊರಿನ ಸಮಯದಲ್ಲಿ ತೋರಿಸುತ್ತಾರೆ, ಹಾಗಾಗಿ ಅವುಗಳನ್ನು ಕಳೆದು ನೋಡಿದರೆ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿ ಕೊಟ್ಟಿರುವ ಒಟ್ಟು ಅವಧಿಯನ್ನೇ ನೋಡಿ. ಲಂಡನ್‌ನಿಂದ ಸ್ಪೇನಿನ ಗ್ರನಾಡಾಕ್ಕೆ ನೇರ ವಿಮಾನದಲ್ಲಿ ಮೂರು ಗಂಟೆ ಸಾಕು. ಟಿಕೆಟ್‌ನಲ್ಲಿ ಒಂಬತ್ತು ಹತ್ತು ಗಂಟೆ ಕಂಡರೆ, ನಡುವೆ ಎಲ್ಲಿ ಇಳಿದು ವಿಮಾನ ಬದಲಿಸಬೇಕು ಎಂದು ನೋಡಿ. ಅಟ್ಲಾಂಟಿಕ್ ಆಚೆಯ ಊರು ಕಂಡರೆ ಅಲ್ಲೇ ನಿಲ್ಲಿಸಿ.

ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಸ್ಯಾನ್ ಹೋಸೆ ಎಂಬ ಹೆಸರಿನ ಒಂದು ಊರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ, ಕೋಡ್ SJC. ಇನ್ನೊಂದು ಕೋಸ್ಟಾರಿಕಾದ ರಾಜಧಾನಿ, ಕೋಡ್ SJO. ಲಂಡನ್‌ನಿಂದ ಎರಡಕ್ಕೂ ದೂರ ಹತ್ತಿರ ಹತ್ತಿರ ಒಂದೇ! ಸಮಯ ನೋಡಿದರೆ ಏನೂ ಗೊತ್ತಾಗದು. ಇಂಥ ಕಡೆ ದೇಶದ ಪೂರ್ತಿ ಹೆಸರನ್ನೇ ಓದಬೇಕು. CA ಎಂಬ ಎರಡಕ್ಷರವನ್ನೂ ನಂಬುವಂತಿಲ್ಲ. ಅದು ಕ್ಯಾಲಿಫೋರ್ನಿಯಾವೂ ಹೌದು, ಕೆನಡಾವೂ ಹೌದು.

ಕೆನಡಾಕ್ಕೆ ಒಂದು ಸುಲಭ ಗುರುತಿದೆ. ಅಲ್ಲಿನ ಬಹುತೇಕ ದೊಡ್ಡ ನಿಲ್ದಾಣಗಳ ಕೋಡ್ Y ಅಕ್ಷರದಿಂದ ಶುರುವಾಗುತ್ತದೆ. ಆಸ್ಟ್ರೇಲಿಯಾದ ಸಿಡ್ನಿ SYD, ಕೆನಡಾದ ಸಿಡ್ನಿ YQY. ಟಿಕೆಟ್ ದರ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಮೊದಲು ಈ ಅಕ್ಷರ ಹುಡುಕಿ.

ದುಡ್ಡು ಕಟ್ಟಿದ ಮೇಲೆ ಬರುವ ಇಮೇಲನ್ನು ಸುಮ್ನೆ ಪಕ್ಕಕ್ಕೆ ಸರಿಸಬೇಡಿ, ಕೂಡಲೇ ತೆರೆದು ಕೋಡ್ ಹೋಲಿಸಿ. ಕೆಲವು ಕಂಪನಿಗಳು ಬುಕ್ ಮಾಡಿದ 24 ಗಂಟೆಯೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಕೊಡುತ್ತವೆ, ನಿಮ್ಮ ಟಿಕೆಟ್‌ಗೆ ಅದು ಇದೆಯೇ ಎಂದು ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಕೊನೆಗೆ ಚೆಕ್-ಇನ್ ಕೌಂಟರ್‌ನಲ್ಲಿ ಲಗೇಜಿಗೆ ಅಂಟಿಸುವ ಚೀಟಿಯಲ್ಲೂ ಅದೇ ಮೂರಕ್ಷರ ದಪ್ಪಗೆ ಇರುತ್ತದೆ. ಬ್ಯಾಗು ಬೆಲ್ಟ್ ಮೇಲೆ ಹೋಗುವ ಮೊದಲು ಅದನ್ನೊಮ್ಮೆ ಓದಿ. ಬೇರೆ ಕೋಡ್ ಕಂಡರೆ ಸಿಬ್ಬಂದಿಯನ್ನು ಆಗಲೇ ಕೇಳಿ.